ಸಹಾಯ ಬೇಕು: ಹತ್ತು ಹಸು ಡೈರಿ ಸಾಲದ ಅರ್ಜಿ, ಎರಡು ಕಂತಿನಲ್ಲಿ ಕೇಳೋದು ಹೆಂಗೆ?

ಸಿಂಧನೂರು ಕಡೆಯವರಿಗೆ ನಮಸ್ಕಾರ ರೀ. ಬ್ಯಾಂಕ್ ಮ್ಯಾನೇಜರಿಗೆ ಅರ್ಜಿ ಬರೀತಿದ್ದೀನಿ, ಒಂದು ಕಡೆ ಸಿಕ್ಕಿಬಿದ್ದದ.

ಅಂದಾಜು ಹಿಂಗದ: ಎಚ್‌ಎಫ್ ಮಿಶ್ರತಳಿ ಹಸು 10, ತಲಾ 80 ಸಾವಿರದಂಗೆ 8 ಲಕ್ಷ. ಕೊಟ್ಟಿಗೆಗೆ 2.5 ಲಕ್ಷ, ಮೇವು ಕತ್ತರಿಸೋ ಮತ್ತು ಹಾಲು ಕರೆಯೋ ಯಂತ್ರಕ್ಕ 1 ಲಕ್ಷ, ವಿಮೆ ಮತ್ತು ಮೊದಲ ತಿಂಗಳ ಹಿಂಡಿಗೆ 1 ಲಕ್ಷ. ಒಟ್ಟು 12.5 ಲಕ್ಷದಾಗ 2.5 ಲಕ್ಷ ನನ್ನದು, ಸಾಲ 10 ಲಕ್ಷ.

ಹತ್ತೂ ಹಸು ಒಮ್ಮೆಗೇ ತಂದ್ರ, ಸುಮಾರು ಹತ್ತು ತಿಂಗಳು ಕರೆದು ಎಲ್ಲಾ ಒಟ್ಟಿಗೇ ಬತ್ತತಾವ. ಆಗ ಹಾಲಿನ ಬಿಲ್ ನಿಲ್ತದ, ಹಿಂಡಿ ಖರ್ಚು ಮತ್ತು ಸಾಲದ ಕಂತು ನಿಲ್ಲಂಗಿಲ್ಲ. ಅದಕ್ಕ ಈಗ ಹೊಸದಾಗಿ ಕರು ಹಾಕಿದ ಐದು, ಆರು ತಿಂಗಳಾದ ಮ್ಯಾಲೆ ಇನ್ನೈದು ತರೋ ವಿಚಾರ. ನಾನು ಬರೆದದ್ದು:

“ಹಸು ಖರೀದಿಯ 8 ಲಕ್ಷದಲ್ಲಿ 4 ಲಕ್ಷವನ್ನು ಈಗ, ಉಳಿದ 4 ಲಕ್ಷವನ್ನು ಆರು ತಿಂಗಳ ನಂತರ, ಮೊದಲ ಐದು ಹಸುಗಳ ಕಿವಿಯೋಲೆ ಸಂಖ್ಯೆ, ವಿಮೆ ಹಾಗೂ ಡೈರಿಯ ಹಾಲಿನ ಬಿಲ್ ಪರಿಶೀಲಿಸಿ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.”

ಮಂಜೂರಾತಿ ಪತ್ರದಾಗೂ ಇದು ಬರಬೇಕು ಅಂದ್ರ ಮಾತು ಹೆಂಗ ಬಿಗಿ ಮಾಡಬೇಕು? ಎರಡನೇ ಕಂತು ಬರೋತನಕ ಆ 4 ಲಕ್ಷಕ್ಕ ಬಡ್ಡಿ ಹಾಕಬಾರದು ಅಂತ ಬೇರೆ ಬರೀಬೇಕೇನು? ಹಿಂಗ ಸಾಲ ತಗೊಂಡವರು ತಮ್ಮ ಅರ್ಜಿ ಹಾಕ್ರಿ, ಹೆಸರು, ಖಾತೆ ನಂಬರ್ ಮುಚ್ಚಿ.