ಸಹಾಯ ಬೇಕು: ಕಾಲ್ ಅಸೈನ್ ಆದ ರಾತ್ರಿ ಡಿವಿಡೆಂಡ್ ಯಾರ ಪಾಲಿಗೆ?

ನಮಸ್ಕಾರ. ಅಮೆರಿಕದಲ್ಲಿರುವ ಅಣ್ಣ ರಜೆಗೆ ಮಂಗಳೂರಿಗೆ ಬಂದಿದ್ದಾನೆ. ಅಲ್ಲಿನ ಅವನ ಖಾತೆಯಲ್ಲಿ ಒಂದು ಕಂಪನಿಯ 100 ಷೇರು ಇವೆ. ಅವುಗಳ ಮೇಲೆ 50 ಡಾಲರ್ ಸ್ಟ್ರೈಕ್‌ನ ಒಂದು ಕಾಲ್ ಮಾರಿದ್ದಾನೆ. ಷೇರು ಈಗ 53ರಲ್ಲಿದೆ. ನಾಳೆ ಎಕ್ಸ್-ಡಿವಿಡೆಂಡ್ ದಿನ, ಷೇರಿಗೆ 60 ಸೆಂಟ್. ಕಾಲ್‌ನಲ್ಲಿ ಉಳಿದಿರುವ ಟೈಮ್ ವ್ಯಾಲ್ಯೂ ಬರೀ 10 ಸೆಂಟ್. ಹಾಗಾಗಿ ಕಾಲ್ ಕೊಂಡವರು ಇವತ್ತೇ ಎಕ್ಸರ್‌ಸೈಸ್ ಮಾಡುವ ಸಾಧ್ಯತೆ ಜಾಸ್ತಿ, ಅಲ್ವಾ?

ಓದಿ ತಿಳಿದದ್ದು ಇಷ್ಟು. ಮಾರುಕಟ್ಟೆ ಮುಚ್ಚಿದ ಮೇಲೆ ಕ್ಲಿಯರಿಂಗ್ ಸಂಸ್ಥೆ ಒಸಿಸಿ ರಾತ್ರಿಯಲ್ಲಿ ಬ್ರೋಕರ್‌ಗಳಿಗೆ ಅಸೈನ್‌ಮೆಂಟ್ ಹಂಚುತ್ತದೆ. ಬ್ರೋಕರ್ ತನ್ನ ಗ್ರಾಹಕರಲ್ಲಿ ಯಾರಿಗೆ ಎಂದು ಆರಿಸುತ್ತಾರೆ. ನೋಟಿಸ್ ಸಾಮಾನ್ಯವಾಗಿ ಮರುದಿನ ಮಾರುಕಟ್ಟೆ ತೆರೆಯುವ ಮೊದಲು, ಅಂದರೆ ನಮ್ಮ ಸಂಜೆಯೊಳಗೆ ಬರುತ್ತದೆ. ಷೇರು ಹೋಗಿ 5,000 ಡಾಲರ್ ಸೆಟಲ್ ಆಗುವುದು ಎಕ್ಸರ್‌ಸೈಸ್ ಆದ ಮರು ವಹಿವಾಟಿನ ದಿನ.

ಗೊಂದಲ ಇಲ್ಲೇ. ನೋಟಿಸ್ ಬರುವವರೆಗೆ ಖಾತೆ 100 ಷೇರು, ಮಾರಿದ ಕಾಲ್ ಎರಡನ್ನೂ ಹಾಗೇ ತೋರಿಸುತ್ತದೆ. ಬ್ರೋಕರ್ ಸಹಾಯವಾಣಿಯಲ್ಲಿ ಕೇಳಿದರೆ, 'ನೋಟಿಸ್ ಬರಲಿ' ಅಂತಾರೆ ಅಷ್ಟೇ.

ಅನುಭವ ಇದ್ದವರು ದಯವಿಟ್ಟು ಹೇಳಿ. ನೋಟಿಸ್ ಎಕ್ಸ್-ಡಿವಿಡೆಂಡ್ ದಿನವೇ ಬಂದರೂ, ವಹಿವಾಟಿಗೆ ಹಿಂದಿನ ದಿನದ ತಾರೀಕು ಹಾಕಿ ಆ 60 ಡಾಲರ್ ಡಿವಿಡೆಂಡ್ ಎದುರಿನವರಿಗೇ ಹೋಗುತ್ತದಾ? ನೋಟಿಸ್‌ಗೂ ಮೊದಲು ಪ್ರೀ-ಮಾರ್ಕೆಟ್‌ನಲ್ಲಿ ಅಣ್ಣ ಷೇರು ಮಾರಿಬಿಟ್ಟರೆ, ಖಾತೆ 100 ಷೇರು ಶಾರ್ಟ್ ಆಗುತ್ತದಾ?