ಪದಚರ್ಚೆ: ರಾಹು ದಶೆಯಲ್ಲಿ 'ಭುಕ್ತಿ', 'ಬುದ್ಧಿಭ್ರಮೆ' ಪದಗಳ ಅರ್ಥ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆತನದ ಹಿರಿಯರೊಬ್ಬರ ಕೈಬರಹದ ಜಾತಕವನ್ನು ನಕಲು ಮಾಡುತ್ತಿದ್ದೇನೆ. ಕನ್ಯಾ ಲಗ್ನ, ಕೃತ್ತಿಕಾ ನಕ್ಷತ್ರ. ಮೊದಲ ಪುಟದಲ್ಲಿ 'ರವಿ ದಶೆ ಭುಕ್ತ 3, ಭೋಗ್ಯ 3' ಎಂದಿದೆ. ಮುಂದೆ ರಾಹು ದಶೆಯಲ್ಲಿ 'ಕೇತು ಭುಕ್ತಿ: ಬುದ್ಧಿಭ್ರಮೆ', 'ಶುಕ್ರ ಭುಕ್ತಿ: ಆಕಸ್ಮಿಕ ಉನ್ನತಿ', 'ರವಿ ಭುಕ್ತಿ: ಸ್ಥಾನಭ್ರಂಶ' ಎಂದು ಬರೆದಿದ್ದಾರೆ. ಭುಕ್ತ, ಭುಕ್ತಿ ಎರಡೂ ಒಂದೇ ಅರ್ಥದವೇ? ಬುದ್ಧಿಭ್ರಮೆ ಅಂದರೆ ಹುಚ್ಚೇ? ಅವರಿಗೆ ಹಾಗೇನಾದರೂ ಆಗಿತ್ತೆಂದು ಮನೆಯಲ್ಲಿ ಯಾರೂ ಹೇಳಿದ್ದಿಲ್ಲ.

ಉತ್ತರ 1:

ಎರಡೂ 'ಭುಜ್' ಧಾತುವಿನಿಂದ ಬಂದವು. ಉಣ್ಣು, ಅನುಭವಿಸು ಎಂಬ ಅರ್ಥ. ಭುಕ್ತ ಅಂದರೆ ಉಂಡು ಮುಗಿಸಿದ್ದು, ಭೋಗ್ಯ ಅಂದರೆ ಇನ್ನು ಉಣ್ಣಬೇಕಾದದ್ದು. ರಾಹುವಿನ ಹದಿನೆಂಟು ವರ್ಷವನ್ನು ಒಂಬತ್ತು ಗ್ರಹಗಳಿಗೆ ಹಂಚಿದರೆ ತಲಾ ಎರಡು ವರ್ಷ ಬರುತ್ತದೆ, ಅದೇ ಭುಕ್ತಿ.

ಉತ್ತರ 2:

ನನಗೂ ಈಗ ರಾಹು ದಶೆ ಮುಗಿಯುತ್ತ ಬಂದಿದೆ. ಗುರು ದಶೆಗೆ ಕಾಲಿಡುವ ಮೊದಲು ಸಂಧಿ ಶಾಂತಿ ಮಾಡಿಸಿ ಎಂದು ಎಲ್ಲರೂ ಹೇಳುತ್ತಿದ್ದಾರೆ. ನಿಮ್ಮ ಹಿರಿಯರೂ ಮಾಡಿಸಿದ್ದರೇ? ಪುಸ್ತಕದಲ್ಲಿ ಬರೆದಿದ್ದರೆ ದಯವಿಟ್ಟು ತಿಳಿಸಿ, ನನಗೆ ನಿಜಕ್ಕೂ ಆತಂಕವಾಗಿದೆ.

ಉತ್ತರ 3:

ಧಾತುವಿನ ಮಾತು ಸರಿ, ಹಂಚಿಕೆಯ ಮಾತು ಸರಿಯಲ್ಲ. ಭುಕ್ತಿಗಳು ಸಮಪಾಲಲ್ಲ; ಪ್ರತಿ ಗ್ರಹಕ್ಕೂ ಅದರ ದಶಾವರ್ಷಕ್ಕೆ ತಕ್ಕಷ್ಟು ಪಾಲು. ಹಳಬರು ಬಾಯಲ್ಲೇ ಹೀಗೆ ಲೆಕ್ಕ ಹಾಕುತ್ತಿದ್ದರು: ರಾಹುವಿನ 18ನ್ನು ಕೇತುವಿನ 7ರಿಂದ ಗುಣಿಸಿದರೆ 126. ಕೊನೆಯ ಅಂಕಿ ಬಿಟ್ಟರೆ 12 ತಿಂಗಳು, ಆ ಕೊನೆಯ ಅಂಕಿಯನ್ನು ಮೂರರಿಂದ ಗುಣಿಸಿದರೆ 18 ದಿನ. ಹಾಗಾಗಿ ಕೇತು ಭುಕ್ತಿ ಒಂದು ವರ್ಷ 18 ದಿನ. ಶುಕ್ರನಿಗೆ ಇದೇ ಲೆಕ್ಕದಲ್ಲಿ ಪೂರ್ತಿ 3 ವರ್ಷ, ರವಿಗೆ ಬರೀ 10 ತಿಂಗಳು 24 ದಿನ.

ಫಲದ ಪದಗಳು ಹೇಗೆ ಬಂದವೆಂದು ತಿಳಿಯಲು ಕುಂಡಲಿ ಬೇಕು. ರಾಹು ಯಾವ ಮನೆಯಲ್ಲಿದ್ದಾನೆ? ಶುಕ್ರ, ರವಿ ಎಲ್ಲಿ?

ಪ್ರಶ್ನೆ ಕೇಳಿದವರು:

ಮಿಥುನದಲ್ಲಿ ರಾಹು ಮತ್ತು ಬುಧ. ಧನುಸ್ಸಿನಲ್ಲಿ ಕೇತು. ಕರ್ಕದ ಆರಂಭದಲ್ಲಿ ಶುಕ್ರ, ವೃಷಭದ ಕೊನೆಯಲ್ಲಿ ರವಿ. ಶಾಂತಿಯ ವಿಷಯ ಎಲ್ಲೂ ಬರೆದಿಲ್ಲ.

ಉತ್ತರ 3:

ಹಾಗಿದ್ದರೆ ಬರೆದವರು ಬಲ್ಲವರೇ. ರಾಹುವಿಗೆ ಸ್ವಂತ ಮನೆಯಿಲ್ಲ. ಕೂತ ಮನೆಯ ಒಡೆಯನ ಫಲವನ್ನೇ ಕೊಡುತ್ತಾನೆಂದು ಓದುವುದು ಪದ್ಧತಿ. ಇಲ್ಲಿ ಅವನು ಹತ್ತನೆಯ ಮನೆಯಲ್ಲಿ, ಅದರ ಒಡೆಯ ಬುಧನ ಜೊತೆಗೇ ಇದ್ದಾನೆ. ಆದ್ದರಿಂದ ಇಡೀ ದಶೆಯ ಹಸಿವು ಉದ್ಯೋಗ, ಅಧಿಕಾರದ ಕಡೆಗೆ. ರವಿಯ 3, ಚಂದ್ರನ 10, ಕುಜನ 7 ಸೇರಿಸಿದರೆ ದಶೆ ಇಪ್ಪತ್ತನೆಯ ವಯಸ್ಸಿಗೆ ಶುರುವಾಗಿದೆ. ಬುಧ ಭುಕ್ತಿ ಬಂದದ್ದು ಇಪ್ಪತ್ತೆಂಟಕ್ಕೆ ಸ್ವಲ್ಪ ಮೊದಲು. ಮಹತ್ವಾಕಾಂಕ್ಷೆ ಬಲಿಯುವ ಕಾಲ ಅದೇ.

ಮೂವತ್ತೂವರೆಗೆ ಕೇತು ಭುಕ್ತಿ. ಕೇತು ಯಾವಾಗಲೂ ರಾಹುವಿಗೆ ಎದುರು, ಏಳನೆಯ ಮನೆ. ಬುಧನಲ್ಲಿ ಹತ್ತಿದ ಆಸೆಯನ್ನು ಅವನು ಎದುರಿನಿಂದ ಜಗ್ಗುತ್ತಾನೆ: ಇದೆಲ್ಲ ಯಾಕೆ ಎಂಬ ಬೇಸರ, ಅವಸರದಲ್ಲಿ ಕೆಲಸ ಬಿಡುವುದು, ಯಾರನ್ನು ನಂಬಬೇಕೆಂದು ತಿಳಿಯದಿರುವುದು. ಜಾತಕದ ಭಾಷೆಯಲ್ಲಿ ಬುದ್ಧಿಭ್ರಮೆ ಇಷ್ಟೇ, ತೀರ್ಮಾನ ತಪ್ಪುವುದು. ಹುಚ್ಚನ್ನು ಹೇಳಬೇಕಿದ್ದರೆ 'ಉನ್ಮಾದ' ಎಂದೇ ಬರೆಯುತ್ತಿದ್ದರು. ಅದಕ್ಕೆ ಚಂದ್ರನ ಸ್ಥಿತಿಯನ್ನೂ ನೋಡಬೇಕು.

ಶುಕ್ರ ಈ ಲಗ್ನಕ್ಕೆ ಧನ, ಭಾಗ್ಯಗಳ ಒಡೆಯ. ಲಾಭದಲ್ಲಿದ್ದಾನೆ, ರಾಹುವಿನಿಂದ ಎರಡನೆಯವನು. ಉನ್ನತಿ ಬಂದದ್ದು ಅಲ್ಲಿಂದ. 'ಆಕಸ್ಮಿಕ' ಎಂಬುದು ರಾಹುವಿನ ಪಾಲು, ಮೆಟ್ಟಿಲು ತಪ್ಪಿಸಿ ಏರಿಸುವವನು ಅವನು. ರವಿ ವ್ಯಯಾಧಿಪತಿ, ರಾಹುವಿನಿಂದ ಹನ್ನೆರಡರಲ್ಲಿದ್ದಾನೆ. ಭುಕ್ತಿನಾಥನನ್ನು ಲಗ್ನದಿಂದ ಮಾತ್ರ ನೋಡಿದವರು ಭಾಗ್ಯದಲ್ಲಿ ರವಿ ಎಂದು ಒಳ್ಳೆಯದನ್ನೇ ಬರೆಯುತ್ತಿದ್ದರು. ಇವರು ದಶಾನಾಥನಿಂದಲೂ ಎಣಿಸಿದ್ದಾರೆ, ಅದಕ್ಕೇ ಸ್ಥಾನಭ್ರಂಶ. ಈ ಎರಡನೆಯ ಎಣಿಕೆಯನ್ನು ಬಿಟ್ಟು ಫಲ ಹೇಳುವುದನ್ನು ನಾನು ಒಪ್ಪುವುದಿಲ್ಲ.

ಸಂಧಿಯ ಬಗ್ಗೆ ಕೇಳಿದವರಿಗೆ: ಸಂಧಿ ಎರಡು ಮಹಾದಶೆಗಳ ನಡುವಿನದು, ಇಲ್ಲಿನ ಚರ್ಚೆ ದಶೆಯ ಒಳಗಿನದು. ರಾಹು ದಶೆಯ ಕೊನೆಯ ಭುಕ್ತಿ ಕುಜನದು, ಅದಕ್ಕೆ ದಶಾಛಿದ್ರ ಎನ್ನುತ್ತಾರೆ. ನಿಮ್ಮ ಕುಜ ಎಲ್ಲಿದ್ದಾನೆಂದು ನೋಡದೆ ಹೆದರಬೇಡಿ.

ಉತ್ತರ 1:

ಹಂಚಿಕೆಯ ಲೆಕ್ಕ ಒಪ್ಪಿದೆ. ಆದರೆ ದಶಾವರ್ಷಕ್ಕೆ 360 ದಿನವೋ 365 ಕಾಲು ದಿನವೋ? ಹದಿನೆಂಟು ವರ್ಷಕ್ಕೆ ಮೂರು ತಿಂಗಳಿಗೂ ಮಿಕ್ಕಿ ಅಂತರ ಬೀಳುತ್ತದೆ.

ಉತ್ತರ 3:

ಅದರಲ್ಲಿ ಒಮ್ಮತವಿಲ್ಲ. ನಾನು ಸೌರವರ್ಷ ಹಿಡಿಯುತ್ತೇನೆ, 360ನ್ನು ಬಿಡದವರೂ ಇದ್ದಾರೆ. ಈ ಪುಸ್ತಕದಲ್ಲಿ ದಶೆಯ ಆರಂಭ, ಅಂತ್ಯದ ತಾರೀಖುಗಳಿದ್ದರೆ ದಿನ ಎಣಿಸಿ. 6480ರ ಹತ್ತಿರ ಬಂದರೆ ಒಂದು ಪಕ್ಷ, 6574ರ ಹತ್ತಿರ ಬಂದರೆ ಇನ್ನೊಂದು.

ಪ್ರಶ್ನೆ ಕೇಳಿದವರು:

ತಾರೀಖಿಲ್ಲ, ಸಂವತ್ಸರ, ಮಾಸ, ತಿಥಿ ಇವೆ. ಪಂಚಾಂಗ ಹುಡುಕಿ ಎಣಿಸಿ ಬರೆಯುತ್ತೇನೆ.