ದೂರದಿಂದ ನೋಡಿದರೆ ಡೈಪೋಲ್ ಮಾತ್ರ ಯಾಕೆ ಕಾಣುತ್ತದೆ? ನನ್ನ ಲೆಕ್ಕದಲ್ಲಿ ಕಾಣುತ್ತಿಲ್ಲ!

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ):
ಸರ್, ನೀರಿನ ಅಣುವನ್ನು ಮೂರು ಬಿಂದು ಚಾರ್ಜ್‌ಗಳಾಗಿ ಇಟ್ಟುಕೊಂಡು ಅದರ ಪೊಟೆನ್ಶಿಯಲ್ ಲೆಕ್ಕ ಹಾಕಿದೆ. ಆಕ್ಸಿಜನ್ ಒರಿಜಿನ್‌ನಲ್ಲಿದೆ, ಚಾರ್ಜ್ −0.65e. ಎರಡು ಹೈಡ್ರೋಜನ್‌ಗೂ +0.33e. O–H ಉದ್ದ 0.96 ಆಂಗ್‌ಸ್ಟ್ರಾಮ್, ಕೋನ 104.5 ಡಿಗ್ರಿ. ಆಕ್ಸಿಜನ್‌ನಿಂದ ಎರಡು ಹೈಡ್ರೋಜನ್‌ಗಳ ನಡುಬಿಂದುವಿನ ಕಡೆಗೆ ಹೋಗುವ ದಿಕ್ಕೇ z. ಡೈಪೋಲ್ ಮೊಮೆಂಟ್ 0.388 e·Å ಬಂತು, ಅಂದರೆ 1.86 ಡಿಬೈ. ಪುಸ್ತಕದ 1.85ಕ್ಕೆ ಸರಿಯಾಗಿದೆ. ಆದರೆ z ದಿಕ್ಕಿನಲ್ಲಿ 100 Å ದೂರದಲ್ಲಿ ಡೈಪೋಲ್ ಸೂತ್ರ 0.56 ಮಿಲಿವೋಲ್ಟ್ ಅನ್ನುತ್ತದೆ, ನೇರ ಲೆಕ್ಕ 2.0 ಅನ್ನುತ್ತದೆ. ದೂರ ಹೋದಷ್ಟೂ ತಪ್ಪು ಜಾಸ್ತಿ ಆಗುತ್ತಿದೆ! ಒರಿಜಿನ್ ಅನ್ನು 10 Å ಸರಿಸಿದರೆ ಡೈಪೋಲ್ ಮೊಮೆಂಟೇ ಬದಲಾಗುತ್ತದೆ. ದೂರದಲ್ಲಿ ಡೈಪೋಲೇ ಮುಖ್ಯ ಅಂತ ಓದಿದ್ದು ಸುಳ್ಳಾ?

ಬಿ.ಎಸ್ಸಿ. ಮುಗಿಸಿದವರು:
1/r³ಗಿಂತ 1/r² ನಿಧಾನಕ್ಕೆ ಕಡಿಮೆಯಾಗುತ್ತದೆ, ಅದಕ್ಕೇ ಡೈಪೋಲ್ ಗೆಲ್ಲುತ್ತದೆ. ಸಿಂಪಲ್. ನಿಮ್ಮ ಕೋಡ್‌ನಲ್ಲಿ ಎಲ್ಲೋ ಯೂನಿಟ್ ತಪ್ಪಿರಬೇಕು ನೋಡಿ.

ಆಂಟೆನಾ ಎಂಜಿನಿಯರ್:
ನಮ್ಮ ಫೀಲ್ಡಿನಲ್ಲಿ ಡೈಪೋಲ್ ದೂರದಲ್ಲಿ 1/r ಆಗಿಯೇ ಕಡಿಮೆಯಾಗುತ್ತದೆ. 1/r² ಭಾಗವೆಲ್ಲ ಹತ್ತಿರದಲ್ಲಿ ಮಾತ್ರ. ನೇರ ಲೆಕ್ಕ ಜಾಸ್ತಿ ತೋರಿಸುತ್ತಿದೆ ಅಂದರೆ ಅದೇ ಸರಿ ಇರಬೇಕು, ಅಲ್ವಾ?

ಉತ್ತರ (ಭೌತಶಾಸ್ತ್ರ ಲೆಕ್ಚರರ್):
ಯೂನಿಟ್ ಸರಿ ಇದೆ. ಆಂಟೆನಾ ಕಥೆಯೂ ಇದಲ್ಲ. ಅಲ್ಲಿ ಕರೆಂಟ್ ಹಿಂದೆ ಮುಂದೆ ಓಡುತ್ತಿರುತ್ತದೆ, ಅಲೆ ಹೊರಟು ಹೋಗುತ್ತದೆ. ಇಲ್ಲಿ ಚಾರ್ಜ್‌ಗಳು ಸುಮ್ನೆ ಕೂತಿವೆ.

ನಿಮ್ಮ ಮೂರು ಚಾರ್ಜ್‌ಗಳನ್ನು ಕೂಡಿಸಿ. 0.33 + 0.33 − 0.65. ಸೊನ್ನೆ ಬರಲ್ಲ, 0.01e ಉಳಿಯುತ್ತದೆ. ರೌಂಡ್ ಮಾಡುವಾಗ ಎಲ್ಲೋ ಉಳಿದ ಚೂರು. ನಿಮ್ಮ ಅಣು ನ್ಯೂಟ್ರಲ್ ಅಲ್ಲ, ಸಣ್ಣ ಅಯಾನು!

ದೂರದ ಪೊಟೆನ್ಶಿಯಲ್ ಹೀಗೆ ಬಿಚ್ಚಿಕೊಳ್ಳುತ್ತದೆ:

```
V(r) = k [ Q/r + p·cosθ/r² + (ಕ್ವಾಡ್ರುಪೋಲ್)/r³ + ... ]
```

ಒಂದು ಎಲೆಕ್ಟ್ರಾನ್‌ನಷ್ಟು ಚಾರ್ಜ್ 1 Å ದೂರದಲ್ಲಿ 14.4 ವೋಲ್ಟ್ ಕೊಡುತ್ತದೆ. ಹಾಗಾಗಿ ಚಾರ್ಜ್ e ಲೆಕ್ಕದಲ್ಲೂ ದೂರ Å ಲೆಕ್ಕದಲ್ಲೂ ಇದ್ದರೆ k = 14.4. ಈಗ 100 Å ದೂರದಲ್ಲಿ ನೋಡಿ. ಉಳಿದ 0.01e ಕೊಡುವುದು 1.44 ಮಿಲಿವೋಲ್ಟ್. ಡೈಪೋಲ್ ಕೊಡುವುದು 0.56. ಕೂಡಿಸಿದರೆ ನಿಮ್ಮ 2.0 ಸಿಕ್ಕಿತು. ನಿಮ್ಮ ಕೋಡ್ ನಿಜವನ್ನೇ ಹೇಳಿದೆ.

ಚಾರ್ಜ್ ನೂರನೇ ಒಂದು ಪಾಲು, ಆದರೂ ಗೆದ್ದಿತು. ಯಾಕೆಂದರೆ ಅದು ದೂರದಲ್ಲಿ ನಿಧಾನಕ್ಕೆ ಸಾಯುತ್ತದೆ. ಎರಡೂ ಸಮ ಆಗುವ ದೂರ p/Q, ಇಲ್ಲಿ ಸುಮಾರು 39 Å. ಅದಕ್ಕಿಂತ ಒಳಗೆ ಡೈಪೋಲ್ ಜೋರು, ಹೊರಗೆ ಚೂರು ಚಾರ್ಜ್ ಜೋರು. ದೂರ ಹೋದಷ್ಟೂ ತಪ್ಪು ಹೆಚ್ಚಾದದ್ದು ಇದಕ್ಕೇ.

ಒರಿಜಿನ್ ವಿಷಯಕ್ಕೂ ಕಾರಣ ಅದೇ ಚೂರು. ಒರಿಜಿನ್ ಸರಿಸಿದರೆ p ಬದಲಾಗುವುದು Q ಗುಣಿಸು ಸರಿಸಿದ ದೂರದಷ್ಟು. 0.01 × 10 = 0.1 e·Å. 0.388ರಲ್ಲಿ ಅದು ಕಾಲು ಭಾಗ. Q ಸೊನ್ನೆ ಆಗಿದ್ದರೆ p ಅಲುಗಾಡುತ್ತಿರಲಿಲ್ಲ.

ಆಕ್ಸಿಜನ್‌ಗೆ −0.66 ಕೊಡಿ. ಆಗ z ದಿಕ್ಕಿನಲ್ಲಿ 10 Å ದೂರದಲ್ಲಿ ನೇರ ಲೆಕ್ಕ 56.1 ಮಿಲಿವೋಲ್ಟ್, ಡೈಪೋಲ್ 55.9. 100 Åನಲ್ಲಿ ಎರಡೂ 0.56. 3 Åಗೆ ಬಂದರೂ ನೇರ ಲೆಕ್ಕ 0.59 ವೋಲ್ಟ್, ಡೈಪೋಲ್ 0.62, ಅಂದರೆ 5 ಪರ್ಸೆಂಟ್ ತಪ್ಪು ಅಷ್ಟೇ. ಆದರೆ ಅಷ್ಟು ಹತ್ತಿರದಲ್ಲಿ ಅಣುವಿಗೆ ಮೂರು ಬಿಂದುಗಳು ಸಾಕು ಅನ್ನುವುದೇ ಅನುಮಾನ. ಅಲ್ಲಿ ಎಲೆಕ್ಟ್ರಾನ್ ಮೋಡವೇ ಎದುರಿಗೆ ಬರುತ್ತದೆ. ಆ 5 ಪರ್ಸೆಂಟ್ ನಿಮ್ಮ ಮಾಡೆಲ್‌ನದು, ನೀರಿನದಲ್ಲ.

ಮೊದಲು ಉತ್ತರಿಸಿದವರು ಹೇಳಿದ್ದು ಅರ್ಧ ಸರಿ. 1/r² ನಿಧಾನಕ್ಕೆ ಕಡಿಮೆಯಾಗುವುದು ನಿಜ. ಆದರೆ ಅಷ್ಟೇ ಕಾರಣವಾದರೆ ಮೊನೊಪೋಲ್ ಯಾವಾಗಲೂ ಗೆಲ್ಲಬೇಕಿತ್ತು, ಅದು 1/r ತಾನೆ. ದೂರದಲ್ಲಿ ಗೆಲ್ಲುವುದು ಸೊನ್ನೆಯಾಗದೆ ಉಳಿದ ಮೊದಲ ಪದ. ನಾವು ನೋಡುವ ವಸ್ತುಗಳಲ್ಲಿ ಹೆಚ್ಚಿನವು ಒಟ್ಟಾರೆ ನ್ಯೂಟ್ರಲ್. ಚಾರ್ಜ್ ಉಳಿದರೆ ಅದು ಎದುರು ಚಾರ್ಜನ್ನು ಎಳೆದುಕೊಂಡು ಸಮ ಮಾಡಿಕೊಳ್ಳುತ್ತದೆ. ಹಾಗೆ Q ತಾನಾಗಿಯೇ ಹೋಗುತ್ತದೆ. ಆದರೆ p ಸೊನ್ನೆ ಆಗಬೇಕಾದರೆ ಪ್ಲಸ್‌ನ ನಡುಬಿಂದುವೂ ಮೈನಸ್‌ನ ನಡುಬಿಂದುವೂ ಒಂದೇ ಕಡೆ ಬೀಳಬೇಕು. ಅದಕ್ಕೆ ಆಕಾರದಲ್ಲಿ ಒಂದು ಸಮತೋಲ ಬೇಕು. ಹೇಗೆಂದರೆ ಹಾಗೆ ಇಟ್ಟ ಚಾರ್ಜ್‌ಗಳಿಗೆ ಆ ಅದೃಷ್ಟ ಇರಲ್ಲ. ಅದಕ್ಕೇ ಡೈಪೋಲ್ ಅಷ್ಟು ಸಲ ಮೊದಲ ಸ್ಥಾನಕ್ಕೆ ಬರುವುದು. ಅದರ ಮುಂದಿನ ಪ್ರತಿ ಪದವೂ ಸುಮಾರು d/r ಪಟ್ಟು ಚಿಕ್ಕದು. d ಅಂದರೆ ವಸ್ತುವಿನ ಗಾತ್ರ.

ಕೆಮಿಸ್ಟ್ರಿ ಓದುತ್ತಿರುವ ಹುಡುಗ:
ಹಾಗಾದರೆ ಕಾರ್ಬನ್ ಡೈಆಕ್ಸೈಡ್? ಅದರ ಎರಡೂ ಬಾಂಡ್‌ಗಳು ಪೋಲಾರ್. ಅದಕ್ಕೂ ಡೈಪೋಲ್ ಇರಬೇಕಲ್ಲ ಸರ್?

ಲೆಕ್ಚರರ್:
ಒಂದೊಂದು ಬಾಂಡಿಗೆ ಇದೆ, ಅಣುವಿಗೆ ಇಲ್ಲ. ಆಕ್ಸಿಜನ್‌ಗಳು ನೇರ ಗೆರೆಯಲ್ಲಿ ಎದುರುಬದುರು ಇವೆ, ಎರಡೂ ಒಂದನ್ನೊಂದು ಅಳಿಸುತ್ತವೆ. ಅಲ್ಲಿ ಮೊದಲು ಉಳಿಯುವುದು ಕ್ವಾಡ್ರುಪೋಲ್, ಪೊಟೆನ್ಶಿಯಲ್ 1/r³ ಆಗಿ ಇಳಿಯುತ್ತದೆ. ಆಗಲೇ ಹೇಳಿದ ಆಕಾರದ ಸಮತೋಲ ಅಂದರೆ ಇದೇ. ನೀರಿನಲ್ಲಿ ಬಾಗು ಇರುವುದರಿಂದ ಅದು ತಪ್ಪಿಹೋಯಿತು.

ಬಿ.ಎಸ್ಸಿ. ಮುಗಿಸಿದವರು:
ಒಪ್ಪಿದೆ. ಅಂದರೆ ಒಟ್ಟು ಚಾರ್ಜ್ ಸೊನ್ನೆ ಇದ್ದರೆ ಒರಿಜಿನ್ ಎಲ್ಲಿಟ್ಟರೂ ನಡೆಯುತ್ತದೆ, ಸರಿನಾ?

ಲೆಕ್ಚರರ್:
p ಬದಲಾಗಲ್ಲ. ಆದರೆ ಅಂದಾಜು ಕೆಡಬಹುದು. ಇದನ್ನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದರೂ ಮರೆಯುತ್ತಾರೆ, ನಾನೂ ಒಂದು ಕಾಲದಲ್ಲಿ ಮರೆತವನೇ.

+q, −q ಮಧ್ಯೆ a ಅಂತರ ಇರಲಿ. ಅವುಗಳನ್ನು ಸೇರಿಸುವ ಗೆರೆಯಲ್ಲೇ, +q ಕಡೆಗೆ, ನಡುಬಿಂದುವಿನಿಂದ 5a ದೂರದಲ್ಲಿ ನಿಲ್ಲಿ. ಒರಿಜಿನ್ ನಡುವೆ ಇದ್ದರೆ ನಿಜವಾದದ್ದು kqa/(r² − a²/4), ಡೈಪೋಲ್ ಸೂತ್ರ kqa/r². ತಪ್ಪು ಒಂದೇ ಪರ್ಸೆಂಟ್. ಈಗ ಒರಿಜಿನ್ ಅನ್ನು −q ಮೇಲೆ ಇಡಿ. p ಅದೇ, ನೀವು ನಿಂತ ಜಾಗವೂ ಅದೇ, ಆದರೆ ಅಲ್ಲಿಂದ ಅಳೆದರೆ ದೂರ 5.5a. ಡೈಪೋಲ್ ಸೂತ್ರ ಈಗ 18 ಪರ್ಸೆಂಟ್ ಕಡಿಮೆ ಕೊಡುತ್ತದೆ. ನಡುವೆ ಇಟ್ಟಾಗ ಕ್ವಾಡ್ರುಪೋಲ್ ಸೊನ್ನೆ ಇತ್ತು. ಮೂಲೆಗೆ ಹೋದಾಗ ಅದು ಎದ್ದು ಕೂತಿತು. ಅದನ್ನೂ ಸೇರಿಸಿಕೊಂಡರೆ ಹೆಚ್ಚಿನ ತಪ್ಪು ಸರಿಹೋಗುತ್ತದೆ, ಆದರೆ ಸುಮ್ನೆ ಯಾಕೆ ಕೆಲಸ ಜಾಸ್ತಿ ಮಾಡಿಕೊಳ್ಳುವುದು?

ಆಂಟೆನಾ ಎಂಜಿನಿಯರ್:
ನಾನು ಪ್ರಶ್ನೆಯನ್ನು ಬೇರೆ ಥರ ಓದಿಕೊಂಡೆ, ಸಾರಿ. ಆದರೆ ಒಂದು ಕೇಳಬೇಕು. ಪ್ಲಾಟ್ ನೋಡಿ ಯಾವ ಪದ ಗೆದ್ದಿದೆ ಅಂತ ಹೇಳಲು ಆಗುತ್ತದಾ? ನಾವಾದರೆ ಲಾಗ್-ಲಾಗ್ ಪ್ಲಾಟ್ ಹಾಕುತ್ತೇವೆ.

ಲೆಕ್ಚರರ್:
ಅದೇ ಸರಿಯಾದ ದಾರಿ. ಪ್ಲಾಟ್ ಇಲ್ಲದೆಯೂ ಆಗುತ್ತದೆ. ದೂರ ಎರಡರಷ್ಟು ಮಾಡಿ ನೋಡಿ. ಪೊಟೆನ್ಶಿಯಲ್ ಅರ್ಧ ಆದರೆ ಮೊನೊಪೋಲ್, ಕಾಲು ಆದರೆ ಡೈಪೋಲ್, ಎಂಟನೇ ಒಂದು ಆದರೆ ಕ್ವಾಡ್ರುಪೋಲ್. ಇವರ ಹಳೆಯ ಲೆಕ್ಕದಲ್ಲಿ 100 Åನಲ್ಲಿ 2.0 ಇದ್ದದ್ದು 200ರಲ್ಲಿ 0.86 ಆಗುತ್ತದೆ. ಕಾಲು ಆಗಬೇಕಿದ್ದದ್ದು ಅರ್ಧದ ಹತ್ತಿರ ನಿಂತಿತು. ಅಲ್ಲೇ ಗುಟ್ಟು ಬಯಲು.

ಒಂದೇ ದಿಕ್ಕಿನಲ್ಲಿ ಹೀಗೆ ಮಾಡಿ ಬಿಡಬೇಡಿ. ಡೈಪೋಲ್‌ನಲ್ಲಿ cosθ ಇದೆ, 90 ಡಿಗ್ರಿಯಲ್ಲಿ ಅದು ಪೂರ್ತಿ ಸೊನ್ನೆ.

ಎಂ.ಎಸ್ಸಿ. ವಿದ್ಯಾರ್ಥಿನಿ:
ಸರ್, −0.66 ಹಾಕಿದೆ, z ದಿಕ್ಕಿನಲ್ಲಿ ಕಾಲು ಭಾಗ ಸರಿಯಾಗಿ ಬಂತು. ಒರಿಜಿನ್ ಸರಿಸಿದರೂ p ಈಗ ಅಲುಗಾಡುತ್ತಿಲ್ಲ. ನೀವು ಹೇಳಿದಂತೆ 90 ಡಿಗ್ರಿಯಲ್ಲೂ ನೋಡಿದೆ. 10 Å ದೂರದಲ್ಲಿ, ಅಣುವಿನ ಸಮತಲದಲ್ಲಿ x ದಿಕ್ಕಿಗೆ +3.8 ಮಿಲಿವೋಲ್ಟ್ ಇದೆ. ಸಮತಲಕ್ಕೆ ಲಂಬವಾದ y ದಿಕ್ಕಿಗೆ −4.35. ಡೈಪೋಲ್ ಸೊನ್ನೆ ಅಂದರೆ ಎರಡೂ ಸೊನ್ನೆ ಆಗಬಾರದಾ? ಚಿಹ್ನೆ ಯಾಕೆ ಬೇರೆ?

ಲೆಕ್ಚರರ್:
ಅದೇ ಕ್ವಾಡ್ರುಪೋಲ್, ಈಗ ನೇರವಾಗಿ ನೋಡಿದಿರಿ. x ದಿಕ್ಕಿನಲ್ಲಿ ಹೈಡ್ರೋಜನ್‌ಗಳು ಹರಡಿಕೊಂಡಿವೆ, ಅವುಗಳಲ್ಲಿ ಒಂದು ನಿಮ್ಮ ಕಡೆಗೆ ಚಾಚಿದೆ. ಅದಕ್ಕೆ ಪ್ಲಸ್. y ದಿಕ್ಕಿನಿಂದ ನೋಡಿದರೆ ಎರಡೂ ಆಕ್ಸಿಜನ್‌ಗಿಂತ ಸ್ವಲ್ಪ ದೂರದಲ್ಲಿವೆ, ಹತ್ತಿರ ಇರುವುದು ಮೈನಸ್. z ದಿಕ್ಕಿನ ಕ್ವಾಡ್ರುಪೋಲ್ ಪಾಲು ಸುಮಾರು 0.5 ಮಿಲಿವೋಲ್ಟ್. ಮೂರನ್ನೂ ಕೂಡಿಸಿದರೆ ಸೊನ್ನೆಗೆ ಹತ್ತಿರ, ಆ ಪದದ ನಿಯಮವೇ ಹಾಗೆ. ಈ ದಿಕ್ಕುಗಳಲ್ಲಿ ದೂರ ಎರಡರಷ್ಟು ಮಾಡಿದರೆ ಎಂಟನೇ ಒಂದು ಬರಬೇಕು, ನೋಡಿ ಹೇಳಿ.

ಎಂ.ಎಸ್ಸಿ. ವಿದ್ಯಾರ್ಥಿನಿ:
ಬಂತು ಸರ್! ಬಹುತೇಕ ಎಂಟನೇ ಒಂದು. ಕೊನೆಯ ಪ್ರಶ್ನೆ. ನನ್ನ ಮುಂದಿನ ಕೆಲಸ ಒಂದು ನೆಗೆಟಿವ್ ಅಯಾನಿನ ಮೇಲೆ. ಅದರ ಡೈಪೋಲ್ ಮೊಮೆಂಟ್ ಬರೆಯಬಹುದಾ?

ಲೆಕ್ಚರರ್:
ಬರೆಯಬಹುದು, ಆದರೆ ಒರಿಜಿನ್ ಎಲ್ಲಿ ಅಂತ ಜೊತೆಗೇ ಬರೆಯಿರಿ. ಇಲ್ಲದಿದ್ದರೆ ಆ ಸಂಖ್ಯೆಗೆ ಅರ್ಥ ಇಲ್ಲ. Q ಸೊನ್ನೆ ಅಲ್ಲದಿದ್ದರೆ p ಪೂರ್ತಿ ಸೊನ್ನೆ ಆಗುವಂತೆ ಒರಿಜಿನ್ ಹುಡುಕಿಕೊಳ್ಳಬಹುದು, ಯಾವಾಗಲೂ.

ಕೆಮಿಸ್ಟ್ರಿ ಓದುತ್ತಿರುವ ಹುಡುಗ:
ನಮ್ಮ ಲ್ಯಾಬ್‌ನಲ್ಲಿ ಮಾಸ್‌ನ ಕೇಂದ್ರದಿಂದ ಅಳೆಯುತ್ತೇವೆ. ಅಣು ಸುತ್ತುವುದು ಅದರ ಸುತ್ತ ತಾನೆ.

ಬಿ.ಎಸ್ಸಿ. ಮುಗಿಸಿದವರು:
ಪೊಟೆನ್ಶಿಯಲ್‌ಗೆ ಮಾಸ್ ಎಲ್ಲಿಂದ ಬಂತು? ಚಾರ್ಜ್ ಕೇಂದ್ರವೇ ಸರಿ ಅಲ್ವಾ?

ಲೆಕ್ಚರರ್:
ಸುತ್ತುವ ಅಯಾನಿನ ಸ್ಪೆಕ್ಟ್ರಮ್ ಬೇಕಾದರೆ ಅವರ ಮಾತು, ದೂರದ ಪೊಟೆನ್ಶಿಯಲ್ ಮಾತ್ರ ಬೇಕಾದರೆ ನಿಮ್ಮ ಮಾತು. ಇವರ ಅಯಾನಿಗೆ ಯಾವುದು ಬೇಕು ಅಂತ ಇನ್ನೂ ಹೇಳಿಲ್ಲ.